ಬೇಲಿಯೊಳಗೆ ಬಂದವರಿಗೆ ಆಫರ್

2018ರ ಡಿಸೆಂಬರ್‌ನಲ್ಲಿ ಅಮೆರಿಕದ ಬರ್ಗರ್ ಕಿಂಗ್ ಕಂಪನಿ ತನ್ನ ವಾಪರ್ ಬರ್ಗರನ್ನು ಒಂದೇ ಸೆಂಟ್‌ಗೆ ಕೊಟ್ಟಿತು. ಆದರೆ ಒಂದು ಕುಚೇಷ್ಟೆಯ ಷರತ್ತಿತ್ತು. ಎದುರಾಳಿ ಮೆಕ್‌ಡೊನಾಲ್ಡ್ಸ್ ಅಂಗಡಿಯಿಂದ 600 ಅಡಿಯೊಳಗೆ ನಿಂತು ಆ್ಯಪ್‌ನಲ್ಲಿ ಆರ್ಡರ್ ಮಾಡಬೇಕಿತ್ತು! ಆಮೇಲೆ ಹತ್ತಿರದ ಬರ್ಗರ್ ಕಿಂಗ್‌ಗೆ ಆ್ಯಪ್ಪೇ ದಾರಿ ತೋರಿಸುತ್ತಿತ್ತು. ಅದಕ್ಕಾಗಿ 14,000ಕ್ಕೂ ಹೆಚ್ಚು ಮೆಕ್‌ಡೊನಾಲ್ಡ್ಸ್‌ಗಳ ಸುತ್ತ ಕಣ್ಣಿಗೆ ಕಾಣದ ಬೇಲಿ ಹಾಕಿದ್ದರು. ಈ ವಿದ್ಯೆಗೆ ಜಿಯೋಫೆನ್ಸಿಂಗ್ ಎನ್ನುತ್ತಾರೆ.

ಅಲ್ಲಿ ಗಿರಾಕಿಯೇ ಆ್ಯಪ್ ತೆರೆಯುತ್ತಿದ್ದ. ಹಾಗಾಗಿ ಆ ಹೊತ್ತಿಗೆ ಅವನಿರುವ ಜಾಗ ನೋಡಿದರೆ ಸಾಕಿತ್ತು. ಫೋನ್ ಜೇಬಿನಲ್ಲಿರುವಾಗಲೇ ನೋಟಿಫಿಕೇಶನ್ ಕಳಿಸುವುದು ಇಷ್ಟು ಸಲೀಸಲ್ಲ. ಐಫೋನ್‌ನಲ್ಲಿ ಒಂದು ಆ್ಯಪ್ ಒಮ್ಮೆಗೆ 20 ಬೇಲಿಗಳನ್ನಷ್ಟೇ ಕಾಯಬಹುದು, ಆಂಡ್ರಾಯ್ಡ್‌ನಲ್ಲಿ 100. ನೂರಾರು ಅಂಗಡಿಗಳಿರುವ ಕಂಪನಿಯ ಆ್ಯಪ್ ಗಿರಾಕಿ ಊರೂರು ತಿರುಗಿದಂತೆ ಹಳೆಯ ಬೇಲಿ ಕಿತ್ತು ಹತ್ತಿರದ್ದನ್ನು ನೆಡುತ್ತಲೇ ಇರಬೇಕು. ಇಷ್ಟಾದರೂ ಗಿರಾಕಿಯ ಒಪ್ಪಿಗೆ ಇಲ್ಲದೆ ಏನೂ ನಡೆಯದು. ಆ್ಯಪ್ ಮುಚ್ಚಿದ್ದಾಗಲೂ ಜಾಗ ತಿಳಿಯಲು ಬೇರೆಯೇ ಅನುಮತಿ ಬೇಕು. ಆಂಡ್ರಾಯ್ಡ್ 13ರಿಂದೀಚೆಗೆ ನೋಟಿಫಿಕೇಶನ್‌ಗೂ ಕೇಳಲೇಬೇಕು.

ಬೇಲಿಯ ಅಳತೆಯಲ್ಲೇ ಹೆಚ್ಚಿನವರು ಎಡವುವುದು. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಒಂದು ಬೇಕರಿ ಇದೆ ಎಂದುಕೊಳ್ಳಿ. ಬಾಗಿಲಿನ ಸುತ್ತ 30 ಮೀಟರ್ ಬೇಲಿ ಹಾಕಿದರೆ ಫೋನಿಗೆ ಅದು ಸರಿಯಾಗಿ ಗೊತ್ತಾಗುವುದಿಲ್ಲ. ಕನಿಷ್ಠ 100ರಿಂದ 150 ಮೀಟರ್ ಇರಲಿ ಎಂಬುದು ಆಂಡ್ರಾಯ್ಡ್‌ನ ಸಲಹೆ. ಅಷ್ಟು ದೊಡ್ಡದಾದರೆ ಬಸ್ಸಿನಲ್ಲಿ ಹೋಗುವವರೂ ಒಳಗೆ ಬರುತ್ತಾರೆ. ಸಂದೇಶ ತಲುಪಲು ಒಂದೆರಡು ನಿಮಿಷ ತಡವಾಗುವುದೂ ಉಂಟು. ‘ಬಿಸಿ ಪಫ್ ಇಲ್ಲೇ ಪಕ್ಕದಲ್ಲಿ’ ಎಂಬ ಸಂದೇಶ ಬರುವಷ್ಟರಲ್ಲಿ ಬಸ್ಸು ಮುಂದಿನ ಸ್ಟಾಪ್ ದಾಟಿರುತ್ತದೆ. ಇದಕ್ಕೆ ಮದ್ದು, ಒಳಬಂದ ಕೂಡಲೇ ಅಲ್ಲ, ಐದು ನಿಮಿಷ ಅಲ್ಲೇ ಉಳಿದವರಿಗೆ ಮಾತ್ರ ಕಳಿಸುವುದು. ಅದೂ ವಾರಕ್ಕೊಮ್ಮೆ ಸಾಕು. ದಿನಾ ಬಂದರೆ ಜನ ನೋಟಿಫಿಕೇಶನ್ ಬಂದ್ ಮಾಡುತ್ತಾರೆ, ಇಲ್ಲವೇ ಆ್ಯಪನ್ನೇ ತೆಗೆದುಹಾಕುತ್ತಾರೆ.

ಇನ್ನು ಲಾಭದ ಲೆಕ್ಕ. ಬೇಲಿಯೊಳಗೆ ಬಂದ 10,000 ಜನರಲ್ಲಿ 9,000 ಮಂದಿಗೆ 20 ರೂಪಾಯಿ ರಿಯಾಯಿತಿಯ ಸಂದೇಶ ಹೋಯಿತು, 450 ಮಂದಿ ಬಂದು ಕೊಂಡರು ಎನ್ನೋಣ. ಮಾಲೀಕರಿಗೆ ಖುಷಿಯೋ ಖುಷಿ. ಆದರೆ ಚೀಟಿ ಎತ್ತಿದಂತೆ ಆರಿಸಿ, ಬೇಕೆಂದೇ ಸಂದೇಶ ಕಳಿಸದೆ ಬಿಟ್ಟ 1,000 ಮಂದಿಯಲ್ಲೂ 40 ಜನ ಬಂದಿದ್ದಾರೆ. ಅಂದರೆ ಆ 9,000ದಲ್ಲಿ 360 ಮಂದಿ ಹೇಗೂ ಬರುವವರೇ. ಸಂದೇಶ ಕರೆತಂದದ್ದು 90 ಜನರನ್ನು. ರಿಯಾಯಿತಿಗೆ ಹೋದದ್ದು 9,000 ರೂಪಾಯಿ. ಒಬ್ಬ ಹೊಸ ಗಿರಾಕಿಗೆ 100 ರೂಪಾಯಿ ಖರ್ಚು ಬಿತ್ತು. ಒಂದು ಪಫ್, ಒಂದು ಟೀ ಮಾರಿ ಇದನ್ನು ಗಿಟ್ಟಿಸುವುದು ಕಷ್ಟ. ಹುಟ್ಟುಹಬ್ಬದ ಕೇಕಿನ ಆರ್ಡರ್ ಸಿಕ್ಕರೆ ಗಿಟ್ಟೀತು.