ನಿಮಗಿದು ಗೊತ್ತೇ? ಮಾರಾಟ ಏರಿದರೂ ಅಂಗಡಿ ನಷ್ಟಕ್ಕೆ ಬೀಳಬಹುದು!

ಗಂಗಾವತಿಯಲ್ಲಿ ಒಂದು ಕಿರಾಣಿ ಅಂಗಡಿ ಎಂದಿಟ್ಟುಕೊಳ್ಳಿ. ಬಾಡಿಗೆ 9,000, ಪಗಾರ 10,000, ಕರೆಂಟು ಮತ್ತಿತರ ಖರ್ಚು 5,000. ವ್ಯಾಪಾರ ಆಗಲಿ, ಬಿಡಲಿ, ತಿಂಗಳಿಗೆ 24,000 ರೂಪಾಯಿ ಸ್ಥಿರ ವೆಚ್ಚ ತಪ್ಪದು.

● 25 ಕೆ.ಜಿ.ಯ ಸೋನಾ ಮಸೂರಿ ಚೀಲಕ್ಕೆ ಹಮಾಲಿ ಸೇರಿ 1,330 ಬಿದ್ದು, 1,400ಕ್ಕೆ ಮಾರಿದರೆ ಉಳಿಯುವುದು 70 ರೂಪಾಯಿ, ಅಂದರೆ ಶೇ. 5. ಇದು ಇನ್ನೂ ಲಾಭವಲ್ಲ. ಸ್ಥಿರ ವೆಚ್ಚ ತೀರಿಸಲು ಆ ಚೀಲ ಕೊಡುವ ಕೊಡುಗೆ ಅಷ್ಟೇ.

● ಬೇಳೆ-ಎಣ್ಣೆಯಲ್ಲಿ ಶೇ. 8, ಮಸಾಲೆ-ಬಿಸ್ಕತ್ತಿನಲ್ಲಿ ಶೇ. 20 ಉಳಿಯುತ್ತದೆ ಎನ್ನೋಣ. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಶೇ. 11 ಬರುತ್ತದೆ. ಆದರೆ ಈ ಸರಾಸರಿ ಮೋಸದ್ದು! ಮೂರೂ ಸರಕು ಸಮನಾಗಿ ಖರ್ಚಾದರೆ ಮಾತ್ರ ಅದು ನಿಜ.

● ಗಲ್ಲಾಪೆಟ್ಟಿಗೆಗೆ ಬೀಳುವ ಪ್ರತಿ 100 ರೂಪಾಯಿಯಲ್ಲಿ ಅಕ್ಕಿಯದು 60, ಬೇಳೆ-ಎಣ್ಣೆಯದು 25, ಮಸಾಲೆ-ಬಿಸ್ಕತ್ತಿನದು 15 ಇದ್ದರೆ ಅವುಗಳ ಕೊಡುಗೆ ಕ್ರಮವಾಗಿ 3, 2, 3 ರೂಪಾಯಿ. ಒಟ್ಟು 8. ಇದೇ ತೂಕದ ಸರಾಸರಿ. 24,000ವನ್ನು ಶೇ. 8ರಿಂದ ಭಾಗಿಸಿದರೆ 3 ಲಕ್ಷ. ತಿಂಗಳಿಗೆ ಅಷ್ಟು ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇದೇ ಸಮಸ್ಥಿತಿ.

● ಅಕ್ಕಿಯ ಪಾಲು 80ಕ್ಕೆ ಏರಿ, ಉಳಿದೆರಡು ಹತ್ತು ಹತ್ತಕ್ಕೆ ಇಳಿದರೆ ನೂರಕ್ಕೆ ಉಳಿಯುವುದು 6 ರೂಪಾಯಿ 80 ಪೈಸೆ. ಆಗ 3,30,000 ಮಾರಿದರೂ ಕೈಗೆ ಬರುವುದು 22,440. ವ್ಯಾಪಾರ 30,000 ಹೆಚ್ಚಾಯಿತು, ನಷ್ಟ 1,560! ಸಮಸ್ಥಿತಿಗೆ ಈಗ ಸುಮಾರು 3,53,000 ಬೇಕು.

● ಹಾಗೆಂದು ಅಕ್ಕಿ ಮಾರುವುದನ್ನೇ ಬಿಡುವಂತಿಲ್ಲ. 3 ಲಕ್ಷದ ವ್ಯಾಪಾರದಲ್ಲಿ ಅಕ್ಕಿ 1,80,000. ಅದರ ಶೇ. 5 ಅಂದರೆ 9,000, ಇಡೀ ತಿಂಗಳ ಬಾಡಿಗೆ. ಅಕ್ಕಿ ಹೋದರೂ ಬಾಡಿಗೆ ಹೋಗದು. ಅಕ್ಕಿಗೆಂದು ಬಂದ ಗಿರಾಕಿ ಒಯ್ಯುವ ಮಸಾಲೆಯೂ ಹೋಗುತ್ತದೆ.

● ಒಂದೂರಿನ ಲೆಕ್ಕ ಇನ್ನೊಂದೂರಿಗೆ ಒಗ್ಗದು. ಗಂಗಾವತಿಯದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಕುಷ್ಟಗಿ, ಯಲಬುರ್ಗಾದಲ್ಲಿ ಹೆಚ್ಚಿನದು ಮಳೆ ನಂಬಿದ ಬೇಸಾಯ. ಕೊಪ್ಪಳ ಜಿಲ್ಲಾ ಕೇಂದ್ರ, ಅಲ್ಲಿ ನೌಕರರ ಮನೆಗಳ ಗಿರಾಕಿಯೇ ಬೇರೆ. ಬಾಡಿಗೆ, ಪಗಾರ ಒಂದೇ ಇದ್ದರೂ ಸರಕಿನ ಪಾಲು ಬದಲಾದರೆ ಸಮಸ್ಥಿತಿಯ ಮೊತ್ತವೂ ಬದಲಾಗುತ್ತದೆ.

● ಈ ಲೆಕ್ಕಕ್ಕೆ ಉದ್ರಿ ಕಾಣಿಸದು. ಪುಸ್ತಕದಲ್ಲಿ 3 ಲಕ್ಷ ದಾಟಿದರೂ ಸುಗ್ಗಿಯವರೆಗೆ ಹಣ ಬಾರದಿದ್ದರೆ ಬಾಡಿಗೆಗೆ ಸಾಲ ಮಾಡಬೇಕಾದೀತು.

● ಎಚ್ಚರಿಕೆಯ ಗುರುತು ಸುಲಭ: ತಿಂಗಳ ಮಾರಾಟದಿಂದ ಮಾರಿದ ಸರಕಿನ ಅಸಲು ಕಳೆದು, ನೂರಕ್ಕೆ ಎಷ್ಟು ಉಳಿಯಿತೆಂದು ಬರೆದಿಡಿ. ಖರೀದಿ-ಮಾರಾಟದ ದರ ಹಾಗೇ ಇದ್ದೂ 8 ಇದ್ದದ್ದು 7ಕ್ಕೆ ಇಳಿದರೆ, ಸರಕಿನ ಪಾಲು ಬದಲಾಗಿದೆ ಎಂದೇ ಅರ್ಥ.