ಕೊನೇ ಸಾಲಿನ ಸೊನ್ನೆ

ದಿನಸಿ ಅಂಗಡಿಯೊಂದರ ಮಾಲೀಕರು ಏಪ್ರಿಲ್ ತಿಂಗಳ ಸ್ಟಾಕ್ ಶೀಟನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ನನ್ನ ಕಡೆ ತಿರುಗಿಸಿದರು. "ನೋಡಿ ಸಾರ್, ಕೊನೇ ಸಾಲಲ್ಲಿ ವ್ಯತ್ಯಾಸ ಸೊನ್ನೆ. ಎಲ್ಲಾ ಟ್ಯಾಲಿ ಆಗಿದೆ." ಸೊನ್ನೆ ಇದ್ದದ್ದು ನಿಜ. ಅದರ ಮೇಲಿನ ನಾಲ್ಕು ಸಾಲುಗಳಲ್ಲಿ ಒಂದೂ ಸರಿ ಇರಲಿಲ್ಲ.

ಲೆಕ್ಕ ಹಳೆಯದೇ. ತಿಂಗಳ ಮೊದಲಿಗೆ ಇದ್ದ ಶಿಲ್ಕಿಗೆ ಬಂದ ಮಾಲು ಕೂಡಿಸಿ, ಮಾರಿದ್ದನ್ನು ಕಳೆದರೆ ತಿಂಗಳ ಕೊನೆಗೆ ಉಳಿಯಬೇಕಾದ ಮಾಲು ಸಿಗುತ್ತದೆ. ಶೀಟಿನಲ್ಲಿ B ಆರಂಭದ ಶಿಲ್ಕು, C ಖರೀದಿ, D ಮಾರಾಟ, E ಎಣಿಸಿದ ಶಿಲ್ಕು. F ಅಂಕಣದಲ್ಲಿ ಪರೀಕ್ಷೆ:

```
=ROUND(E2-(B2+C2-D2),3)
```

ಉತ್ತರ ಕೂಡು ಚಿಹ್ನೆಯಲ್ಲಿ ಬಂದರೆ ಇರಬೇಕಾದದ್ದಕ್ಕಿಂತ ಹೆಚ್ಚು ಮಾಲಿದೆ, ಕಳೆ ಚಿಹ್ನೆಯಲ್ಲಿ ಬಂದರೆ ಕಡಿಮೆಯಿದೆ ಎಂದರ್ಥ. ROUND ಹಾಕುವುದಕ್ಕೆ ಕಾರಣವಿದೆ. ಗ್ರಾಂ ಲೆಕ್ಕದ ದಶಾಂಶಗಳನ್ನು ಕೂಡಿ ಕಳೆಯುವಾಗ ಕಂಪ್ಯೂಟರು ಕೆಲವೊಮ್ಮೆ ಸೊನ್ನೆಯ ಬದಲು ಕಣ್ಣಿಗೆ ಕಾಣದಷ್ಟು ಸಣ್ಣ ಸಂಖ್ಯೆಯನ್ನು ಉಳಿಸಿಕೊಳ್ಳುತ್ತದೆ.

ಆ ಶೀಟಿನಲ್ಲಿ ಅಕ್ಕಿಗೆ +35, ತೊಗರಿಬೇಳೆಗೆ −45, ಸೋಪಿಗೆ +10, ಸಕ್ಕರೆಗೆ 0 ಬಂದಿತ್ತು. ಕೂಡಿಸಿದರೆ ಸೊನ್ನೆ! ಅಕ್ಕಿಯ ಕಿಲೋಗೂ ಸೋಪಿನ ಬಿಲ್ಲೆಗೂ ಕೂಡಿಕೆ ಹಾಕಿದ್ದೇ ತಮಾಷೆ ಅನ್ನಿ. ಎಲ್ಲವೂ ಕಿಲೋದಲ್ಲೇ ಇದ್ದರೂ ಈ ಮೊತ್ತ ನಂಬಲು ಬರುವುದಿಲ್ಲ, ಏಕೆಂದರೆ ಒಂದರ ಹೆಚ್ಚು ಇನ್ನೊಂದರ ಕೊರತೆಯನ್ನು ನುಂಗಿಬಿಡುತ್ತದೆ. ಕೆಳಗೆ ಒಂದೇ ಅಂಕಿ ಬೇಕೆನ್ನುವವರು ಚಿಹ್ನೆ ತೆಗೆದು ಕೂಡಿಸಬೇಕು:

```
=SUMPRODUCT(ABS(F2:F5))
```

ಹೀಗೆ ಮಾಡಿದಾಗ ಸೊನ್ನೆ ಹೋಗಿ 90 ಬಂತು. ಮಾಲೀಕರು ಕುರ್ಚಿ ಎಳೆದುಕೊಂಡು ಕೂತರು.

ನಾನು ಮೊದಲು ಹಿಡಿದದ್ದು ಅಕ್ಕಿಯನ್ನು. ಕಡಿಮೆಯಾದರೆ ಇಲಿ, ಸೋರಿಕೆ, ಕಳವು ಅಂತ ನೂರು ಕಾರಣ ಹೇಳಬಹುದು. ಅಂಗಡಿಯೊಳಗೆ ಅಕ್ಕಿ ಹೆಚ್ಚುವುದು ಹೇಗೆ? ಅದು ಅಲ್ಲಿ ಬೆಳೆಯುವುದಿಲ್ಲ. ಕೂಡು ಚಿಹ್ನೆ ಕಂಡರೆ ಬರವಣಿಗೆಯಲ್ಲೇ ತಪ್ಪಿರುವ ಸಂಭವ ಹೆಚ್ಚು. ಆರಂಭ 412 ಕಿಲೋ, ಖರೀದಿ 1,000, ಮಾರಾಟ 1,130. ಉಳಿಯಬೇಕಾದದ್ದು 282, ತೂಗಿದಾಗ ಸಿಕ್ಕಿದ್ದು 317. ಖರೀದಿ ಬಿಲ್ಲು ತೆಗೆಸಿದೆ. 40 ಚೀಲ. ಹುಡುಗ ಚೀಲಕ್ಕೆ 25 ಕಿಲೋದಂತೆ ಗುಣಿಸಿ ಸಾವಿರ ಬರೆದಿದ್ದ. ಚೀಲದ ಮೇಲೆ ಅಚ್ಚಾಗಿದ್ದದ್ದು 26.

ಈ ಒಂದು ಕಿಲೋ ಎಲ್ಲಿಂದ ಬಂತೆಂದು ಬಹಳ ಗ್ರಾಹಕರಿಗೂ ಗೊತ್ತಿಲ್ಲ. 2022ರ ಜುಲೈ 18ರಿಂದ, 25 ಕಿಲೋವರೆಗಿನ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಹಾಗಾಗಿ ಮಿಲ್ಲಿನವರು 26 ಕಿಲೋ ತುಂಬತೊಡಗಿದರು. ಚೀಲ ಬದಲಾಯಿತು, ಶೀಟಿನೊಳಗಿನ 25 ಹಾಗೇ ಉಳಿಯಿತು. ಖರೀದಿಯನ್ನು 1,040 ಎಂದು ತಿದ್ದಿದ ಮೇಲೆ ಉಳಿಯಬೇಕಾದದ್ದು 322 ಆಯಿತು, ವ್ಯತ್ಯಾಸ +35 ಹೋಗಿ −5 ಆಯಿತು. 1,130 ಕಿಲೋ ಬಿಡಿಯಾಗಿ ತೂಗಿ ಮಾರಿದವರಿಗೆ ಐದು ಕಿಲೋ ಕೊರತೆ, ಅಂದರೆ ಅರ್ಧ ಪರ್ಸೆಂಟಿಗೂ ಕಡಿಮೆ. ಚೀಲದ ತಳದ ನುಚ್ಚು, ತಕ್ಕಡಿಯಲ್ಲಿ ಕೈ ಸ್ವಲ್ಪ ಧಾರಾಳವಾಗುವುದು, ಇಷ್ಟರಲ್ಲೇ ಅದು ಹೋಗುತ್ತದೆ. ಅದನ್ನು ನಾನು ಹಾಗೇ ಬಿಟ್ಟೆ.

ತೊಗರಿಬೇಳೆ ಬಿಡಿಯಲ್ಲ, ಒಂದೊಂದು ಕಿಲೋ ಪ್ಯಾಕೆಟ್. ಪ್ಯಾಕೆಟಿನಲ್ಲಿ ಸೋರಿಕೆಯ ನೆಪ ಇಲ್ಲ, 45 ಕಡಿಮೆ ಅಂದರೆ ಯಾರಿಗಾದರೂ ಎದೆ ಝಲ್ಲೆನ್ನಬೇಕು. ಮಾಲೀಕರು ಆಗಲೇ ಕೆಲಸದ ಹುಡುಗನ ಕಡೆ ಒಂದು ಥರ ನೋಡಿದರು. ಆದರೆ 45 ಎಂಬುದು 9ರಿಂದ ಭಾಗವಾಗುವ ಸಂಖ್ಯೆ. ಎರಡು ಅಂಕಿಗಳನ್ನು ಅದಲು ಬದಲು ಬರೆದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಲೆಕ್ಕದ ಪುಸ್ತಕ ಹಿಡಿದ ಹಳಬರಿಗೆಲ್ಲ ಗೊತ್ತಿದ್ದ ಸುಳಿವು ಇದು. ಆರಂಭ 96, ಖರೀದಿ 150, ಮಾರಾಟ 163, ಉಳಿಯಬೇಕಾದದ್ದು 83. ಶೀಟಿನಲ್ಲಿ 38. ಎಣಿಸುವಾಗ ಬರೆದ ಚೀಟಿ ಗಲ್ಲಾಪೆಟ್ಟಿಗೆಯ ಕೆಳಗೆ ಸಿಕ್ಕಿತು, ಅದರಲ್ಲಿ 83 ಎಂದೇ ಇತ್ತು. ಕಂಪ್ಯೂಟರಿಗೆ ಏರಿಸುವಾಗ ತಿರುಗುಮುರುಗಾಗಿತ್ತು. ಏರಿಸಿದ್ದು ಮಾಲೀಕರೇ. ಈ ಸುಳಿವನ್ನು ಸಾಕ್ಷಿ ಎಂದುಕೊಳ್ಳಬಾರದು ಅನ್ನುವುದನ್ನೂ ಹೇಳಬೇಕು: ಬೇರೆ ಕಾರಣದಿಂದ ಬಂದ ವ್ಯತ್ಯಾಸಗಳಲ್ಲೂ ಒಂಬತ್ತಕ್ಕೊಂದು ಸುಮ್ಮನೆ 9ರಿಂದ ಭಾಗವಾಗುತ್ತದೆ. ಚೀಟಿ ಸಿಗದಿದ್ದರೆ ಮತ್ತೆ ಎಣಿಸುವುದೇ ದಾರಿ.

ಸೋಪಿನದು ಸಣ್ಣ ಕಥೆ. ಹತ್ತಕ್ಕೆ ಒಂದು ಉಚಿತ ಎಂಬ ಸ್ಕೀಮಿನಲ್ಲಿ 100ಕ್ಕೆ 10 ಹೆಚ್ಚಿಗೆ ಬಂದಿದ್ದವು. ದುಡ್ಡು ಕೊಟ್ಟದ್ದು ನೂರಕ್ಕೆ ಎಂದು ಖರೀದಿಯಲ್ಲಿ ನೂರೇ ಬರೆದಿದ್ದರು. ದುಡ್ಡು ಕೊಡದಿದ್ದರೂ ಮಾಲು ಒಳಗೆ ಬಂದಿದೆ, 110 ಆಗಬೇಕು.

ಉಳಿದದ್ದು ಸಕ್ಕರೆ. ಆರಂಭ 140, ಖರೀದಿ 200, ಮಾರಾಟ 255, ಶಿಲ್ಕು 85, ವ್ಯತ್ಯಾಸ ಸೊನ್ನೆ. ನನಗೆ ಹೆಚ್ಚು ಅನುಮಾನ ಬಂದದ್ದು ಈ ಸಾಲಿನ ಮೇಲೇ. ಬಿಡಿ ಸಕ್ಕರೆ 255 ಕಿಲೋ ತೂಗಿ ಮಾರಿದ ಮೇಲೂ ಒಂದು ಹಿಡಿ ಹೆಚ್ಚುಕಡಿಮೆ ಇಲ್ಲವೆಂದರೆ? ಹಿಂದಿನ ತಿಂಗಳುಗಳ ಶೀಟು ತೆಗೆದರೆ ಅಲ್ಲೂ ಸೊನ್ನೆ. ಪಕ್ಕದ ಖಾಲಿ ಮನೆಯಲ್ಲಿ ಹೀಗೆ ಬರೆದೆ:

```
=ISFORMULA(E5)
```

TRUE ಎಂದು ಬಂತು. ಎಣಿಸಿದ ಅಂಕಿ ಇರಬೇಕಾದ ಜಾಗದಲ್ಲಿ `=B5+C5-D5` ಎಂಬ ಸೂತ್ರವೇ ಕೂತಿತ್ತು. ಅಂದರೆ ಆ ಸಾಲು ತನ್ನ ಉತ್ತರವನ್ನು ತನ್ನ ಜೊತೆಗೇ ಹೋಲಿಸಿಕೊಂಡು ಪಾಸಾಗುತ್ತಿತ್ತು. ಮೂಟೆ ತೂಗುವುದು ಬೇಸರವೆಂದು ಯಾರೋ ಒಮ್ಮೆ ಸೂತ್ರ ಹಾಕಿದ್ದರು, ಆಮೇಲೆ ತಿಂಗಳು ತಿಂಗಳೂ ಅದೇ ನಕಲಾಗಿತ್ತು.

ಏಪ್ರಿಲ್ ಮುಗಿದುಹೋಗಿತ್ತು, ಅವತ್ತು ಮೇ 6. ಆದರೂ ಹಿಂದಕ್ಕೆ ಹೋಗಿ ಲೆಕ್ಕ ಹಾಕಬಹುದು. ಅಂಗಡಿ ಬಾಗಿಲು ಹಾಕಿದ ಮೇಲೆ ತೂಗಿಸಿದೆವು, 61 ಕಿಲೋ. ಮೇ ತಿಂಗಳಲ್ಲಿ ಅಲ್ಲಿಯವರೆಗೆ ಬಂದದ್ದು 50, ಮಾರಿದ್ದು 71. 61ರಿಂದ 50 ಕಳೆದು 71 ಕೂಡಿಸಿದರೆ 82. ಆರು ದಿನದ ಸಣ್ಣಪುಟ್ಟ ಸೋರಿಕೆ ಇದರಲ್ಲೇ ಸೇರಿದ್ದರೂ, ಏಪ್ರಿಲ್ 30ರ ರಾತ್ರಿ ಹತ್ತಿರ ಹತ್ತಿರ ಅಷ್ಟೇ ಇದ್ದಿರಬೇಕು. ಮೂರು ಕಿಲೋ ಕಡಿಮೆ. ಆ ಸಾಲಿನಲ್ಲಿ ಮೊದಲ ಬಾರಿಗೆ ಸೊನ್ನೆಯಲ್ಲದ ಅಂಕಿ ಬಂತು.

"ಹಂಗಾದ್ರೆ ರೂಪಾಯಿಲೂ ಇದೇ ಸೂತ್ರ ಹಾಕ್ಲಾ?" ಎಂದರು ಮಾಲೀಕರು. ಬೇಡ ಎಂದೆ. ಮಾಲಿನ ಪ್ರಮಾಣದಲ್ಲಿ ಈ ಲೆಕ್ಕ ಕೂಡುತ್ತದೆ, ರೂಪಾಯಿಯಲ್ಲಿ ಹಾಗೇ ಹಾಕಿದರೆ ಕೂಡುವುದಿಲ್ಲ. ಖರೀದಿ ಕೊಂಡ ಬೆಲೆಯಲ್ಲಿದೆ, ಮಾರಾಟದಲ್ಲಿ ಲಾಭವೂ ಸೇರಿದೆ. ಆರಂಭ 2 ಲಕ್ಷ, ಖರೀದಿ 5 ಲಕ್ಷ, ಮಾರಾಟ 5.5 ಲಕ್ಷ ಎಂದರೆ ಉಳಿದ ಮಾಲು ಒಂದೂವರೆ ಲಕ್ಷದ್ದಲ್ಲ. ಮಾರಾಟದಲ್ಲಿ ಹತ್ತು ಪರ್ಸೆಂಟ್ ಲಾಭವಿದ್ದರೆ ಹೊರಗೆ ಹೋದ ಮಾಲಿನ ಅಸಲು 4.95 ಲಕ್ಷ, ಉಳಿದದ್ದು 2.05 ಲಕ್ಷದ್ದು.

ಶೀಟಿಗೆ ಇನ್ನೊಂದು ಅಂಕಣ ಸೇರಿಸಿ ಎದ್ದೆ: ಕೆಟ್ಟದ್ದು, ಕಳೆದದ್ದು, ಪುಕ್ಕಟೆ ಕೊಟ್ಟದ್ದು. ಮನೆಗೆ ಒಯ್ದದ್ದೂ ಅದರಲ್ಲೇ. ಕಾಂಪೊಸಿಷನ್ ಪದ್ಧತಿಯಲ್ಲಿಲ್ಲದ ವ್ಯಾಪಾರಿಗಳ ದಾಸ್ತಾನು ಲೆಕ್ಕದಲ್ಲಿ ಕಳೆದುಹೋದ, ಕಳವಾದ, ನಾಶವಾದ, ಉಡುಗೊರೆಯಾಗಿ ಕೊಟ್ಟ ಮಾಲೂ ಇರಬೇಕೆಂದು ಜಿಎಸ್‌ಟಿಯ 56ನೇ ನಿಯಮವೇ ಹೇಳುತ್ತದೆ. ಈ ಅಂಕಣ ಬಂದ ಮೇಲೆ ಪರೀಕ್ಷೆಯ ಸೂತ್ರದಲ್ಲಿ ಅದನ್ನೂ ಕಳೆಯಬೇಕು.

ಹೊರಡುವಾಗ ಮಾಲೀಕರು ದನಿ ತಗ್ಗಿಸಿ ಕೇಳಿದರು, "ಬಿಲ್ಲಿಲ್ಲದೆ ಒಂದು ಚೀಲ ಬಂದು ಬಿಲ್ಲಿಲ್ಲದೇ ಹೋದ್ರೆ ಇದರಲ್ಲಿ ಗೊತ್ತಾಗುತ್ತಾ ಸಾರ್?"

ಗೊತ್ತಾಗುವುದಿಲ್ಲ. ಎರಡೂ ಕಡೆ ಬರೆಯದಿದ್ದರೆ ವ್ಯತ್ಯಾಸ ಸೊನ್ನೆಯೇ.