ಕ್ಯಾಬಿನೆಟ್ ಕೂರಿಸುವ ಮುನ್ನ ಸಂದಿ ಮುಚ್ಚಿಸಿ

ಅಡುಗೆಮನೆ ಹೊಸದಾಗಿ ಮಾಡಿಸುತ್ತಿದ್ದೀರಾ? ಹಾಗಾದರೆ ಬಡಗಿ ಕ್ಯಾಬಿನೆಟ್ ಕೂರಿಸುವ ಎರಡು ದಿನ ಮೊದಲೇ ಟಾರ್ಚ್ ಹಿಡಿದು ಗೋಡೆಯನ್ನೊಮ್ಮೆ ನೋಡಿಬಿಡಿ. ಕ್ಯಾಬಿನೆಟ್ ಕೂತ ಮೇಲೆ ಅದರ ಹಿಂದೆ ನಿಮ್ಮ ಕೈ ಹೋಗುವುದಿಲ್ಲ, ಜಿರಳೆ ಮಾತ್ರ ಆರಾಮಾಗಿ ಹೋಗುತ್ತದೆ! ಗೋಡೆ-ನೆಲ ಸೇರುವ ಕಡೆ ಸಂದಿ, ಹಳೇ ಮೊಳೆಯ ತೂತು ಕಂಡರೆ ಗಾರೆಯವರಿಂದ ಆಗಲೇ ಸಿಮೆಂಟ್ ಹಾಕಿಸಿ.

ಸಿಂಕ್ ಕೆಳಗಿನ ಪೈಪಿನ ತೂತಿಗೆ ಬರೀ ಸಿಮೆಂಟ್ ಸಾಲದು. ಒಂದೂವರೆ ಇಂಚಿನ ಪೈಪಿಗೆ ಎರಡೂವರೆ ಇಂಚು ಗೋಡೆ ಒಡೆದಿದ್ದರೆ ಸುತ್ತಲೂ ಅರ್ಧ ಇಂಚು ಸಂದಿ ಉಳಿಯುತ್ತದೆ. ಸಣ್ಣ ಇಲಿ ನುಸುಳಲು ಕಾಲಿಂಚೇ ಸಾಕು. ಪೈಪ್ ಅಲುಗಾಡಿದಾಗ ಸಿಮೆಂಟ್ ಬಿರುಕು ಬಿಡುತ್ತದೆ, ಫೋಮ್ ತುಂಬಿಸಿದರೆ ಇಲಿ ಕಡಿದು ಹಾಕುತ್ತದೆ.

ಅದಕ್ಕೇ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಬಿಡಿಸಿ, ಪೈಪ್ ಸುತ್ತ ಬಿಗಿಯಾಗಿ ತುರುಕಿ. ತುಕ್ಕು ಹಿಡಿಯುವ ಕಬ್ಬಿಣದ ಉಣ್ಣೆ ಬೇಡ. ಅದರ ಮೇಲೆ ಸಿಲಿಕೋನ್ ಸೀಲೆಂಟ್ ಹಚ್ಚಿಸಿ. ಜಾಗ ಪೂರ್ತಿ ಒಣಗಿರಬೇಕು, ಹಚ್ಚಿದ ಮೇಲೆ 24 ಗಂಟೆ ನೀರು ತಾಗಿಸಬಾರದು. ಪೈಪಿನ ನಟ್ ಮುಚ್ಚಿಹೋಗದಂತೆ ನೋಡಿಕೊಳ್ಳಿ, ಮುಂದೆ ರಿಪೇರಿಗೆ ಬಿಚ್ಚಬೇಕಾಗುತ್ತದೆ.

ಸಿಂಕಿನ ಹೋಸ್ ನೆಲದ ದೊಡ್ಡ ಪೈಪಿಗೆ ಇಳಿಯುವಲ್ಲಿ ಬಟ್ಟೆ ತುರುಕುವವರೇ ಹೆಚ್ಚು. ಅದು ನೆನೆದು ಕೊಳೆಯುತ್ತದೆ. ಅಳತೆ ಕೊಟ್ಟು ರಬ್ಬರ್ ಕಾಲರ್ ತರಿಸಿ ಹಾಕಿಸಿ.

ಎಲ್ಲಾ ಮುಗಿದ ಮೇಲೆ ರಾತ್ರಿ ಅಡುಗೆಮನೆ ದೀಪ ಆರಿಸಿ. ಹೊರಗೋಡೆಯ ಕಡೆಯಿಂದ ಯಾರಾದರೂ ಪೈಪಿನ ಸುತ್ತ ಟಾರ್ಚ್ ಬಿಡಲಿ. ಒಳಗೆ ಬೆಳಕು ಇಣುಕಿದರೆ ಅಲ್ಲಿ ಸಂದಿ ಉಳಿದಿದೆ ಎಂದೇ ಅರ್ಥ. ಅದನ್ನು ಮುಚ್ಚಿಸಿದ ಮೇಲೆಯೇ ಬಡಗಿಯನ್ನು ಕರೆಯಿರಿ.